ಅಳಿಸಿದ ಕಾರ್ಡ್ ಎಲ್ಲೆಲ್ಲಿ ಉಳಿದಿರುತ್ತದೆ?

ಆನ್‌ಲೈನ್ ಅಂಗಡಿಯೊಂದರಿಂದ ಗ್ರಾಹಕರ ಮಾಹಿತಿ ಸೋರಿಕೆಯಾದ ಸುದ್ದಿ ಬಂದಾಗ, ಕಂಪನಿ ಹೊರಡಿಸುವ ಪ್ರಕಟಣೆಯಲ್ಲಿ ಬಹುತೇಕ ಒಂದೇ ಬಗೆಯ ಸಮಾಧಾನದ ಮಾತು ಇರುತ್ತದೆ. ಪೂರ್ಣ ಕಾರ್ಡ್ ಸಂಖ್ಯೆ ಯಾರಿಗೂ ಸಿಕ್ಕಿಲ್ಲ, ಆದರೆ ಹೆಸರು, ವಿಳಾಸ, ಫೋನ್ ಸಂಖ್ಯೆ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಸಿಕ್ಕಿರಬಹುದು ಎಂಬುದು ಅದರ ಸಾರ. ಓದಿದವರಿಗೆ ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ತಿಳಿಯುವುದಿಲ್ಲ. ಕೆಲವರು ಕೂಡಲೇ ತಮ್ಮ ಖಾತೆಗೆ ಹೋಗಿ ಉಳಿಸಿಟ್ಟ ಕಾರ್ಡನ್ನು ಅಳಿಸುತ್ತಾರೆ. ಮರುದಿನ ಅದೇ ಅಂಗಡಿಯ ಪಾವತಿ ಪುಟ ತೆರೆದರೆ ಕಾರ್ಡ್ ಮತ್ತೆ ಅಲ್ಲೇ ಕಾಣಿಸುತ್ತದೆ. ಇನ್ನು ಕೆಲವರಿಗೆ ಕಾರ್ಡ್ ಕಾಣಿಸುವುದಿಲ್ಲ, ಆದರೆ ತಿಂಗಳ ಕೊನೆಗೆ ಅದರಿಂದ ಹಣ ಕಡಿತವಾಗಿರುತ್ತದೆ.

ಎರಡಕ್ಕೂ ಕಾರಣ ಒಂದೇ. ಪರದೆಯ ಮೇಲೆ ಒಂದೇ ಗುಂಡಿಯಾಗಿ ಕಾಣುವ ಈ ಅಳಿಸುವಿಕೆ ವಾಸ್ತವದಲ್ಲಿ ಒಂದು ಕೆಲಸವಲ್ಲ. ಒಬ್ಬರ ಕಾರ್ಡಿನ ವಿವರ ಪರಸ್ಪರ ಸಂಬಂಧವಿಲ್ಲದ ಹಲವು ಕಡೆ ಕುಳಿತಿರುತ್ತದೆ, ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಗೆ ತಿಳಿಯುವುದಿಲ್ಲ.

ಒಂದು ಕಾರ್ಡ್, ನಾಲ್ಕು ನೆಲೆ

ಮೊದಲನೆಯ ನೆಲೆ ಅಂಗಡಿಯಲ್ಲಿರುವ ಗ್ರಾಹಕರ ಖಾತೆ. ಎರಡನೆಯದು ಬ್ರೌಸರ್: ಅಂದರೆ ಕಂಪ್ಯೂಟರ್ ಅಥವಾ ಫೋನಿನಲ್ಲಿ ಕುಳಿತು, ಯಾವ ಅಂಗಡಿಯ ಪುಟದಲ್ಲಾದರೂ ಖಾಲಿ ಜಾಗಗಳನ್ನು ತಾನೇ ತುಂಬಿಕೊಡುವ ಆಟೋಫಿಲ್ ಸೌಲಭ್ಯ. ಮೂರನೆಯದು ಬ್ರೌಸರ್ ತಯಾರಕರ ಸರ್ವರ್‌ನಲ್ಲಿರುವ ಪ್ರತಿ. ಕ್ರೋಮ್ ಬಳಸುವವರ ಕಾರ್ಡ್ ಗೂಗಲ್ ಖಾತೆಯಲ್ಲಿ, ಸಫಾರಿ ಬಳಸುವವರ ಕಾರ್ಡ್ ಐಕ್ಲೌಡ್ ಕೀಚೈನ್‌ನಲ್ಲಿ ಇರುವುದು ಹೀಗೆ. ನಾಲ್ಕನೆಯದು ಹೆಚ್ಚಿನವರ ಗಮನಕ್ಕೆ ಬಾರದ ನೆಲೆ: ಸ್ಟ್ರೈಪ್ ಕಂಪನಿಯ ಲಿಂಕ್, ಶಾಪಿಫೈ ಕಂಪನಿಯ ಶಾಪ್ ಪೇ ಮುಂತಾದ ತ್ವರಿತ ಪಾವತಿ ಸೇವೆಗಳು. ಇವು ಯಾವುದೋ ಒಂದು ಅಂಗಡಿಯಲ್ಲಿ ಕೊಟ್ಟ ಕಾರ್ಡನ್ನು ಇಮೇಲ್ ವಿಳಾಸ ಅಥವಾ ಫೋನ್ ಸಂಖ್ಯೆಯ ಜೊತೆ ನೆನಪಿಟ್ಟುಕೊಂಡು, ಅದೇ ಸೇವೆಯನ್ನು ಬಳಸುವ ಬೇರೆ ಅಂಗಡಿಗಳಲ್ಲೂ ಒದಗಿಸುತ್ತವೆ. ಹಿಂದೆಂದೂ ಕಾಲಿಡದ ಅಂಗಡಿಯೊಂದರಲ್ಲಿ ಇಮೇಲ್ ಬರೆದ ಕೂಡಲೇ ಒಟಿಪಿ ಬಂದು, ಆಮೇಲೆ ತಮ್ಮದೇ ಕಾರ್ಡ್ ಕಾಣಿಸಿಕೊಂಡಾಗ ಜನ ಗಾಬರಿಯಾಗುವುದುಂಟು. ಆ ಅಂಗಡಿಗೆ ಕಾರ್ಡ್ ಮೊದಲೇ ತಿಳಿದಿತ್ತೆಂದಲ್ಲ, ನಡುವೆ ಇರುವ ಪಾವತಿ ಸೇವೆಗೆ ತಿಳಿದಿತ್ತು.

ಕಾರ್ಡ್ ಎಲ್ಲಿಂದ ಬಂದಿತು ಎಂಬುದನ್ನು ಪಾವತಿ ಪುಟವನ್ನು ನೋಡಿಯೇ ಹೆಚ್ಚಿನ ಸಲ ಹೇಳಬಹುದು. ಪುಟ ತೆರೆದಾಗಲೇ ಕೊನೆಯ ನಾಲ್ಕು ಅಂಕಿಗಳ ಸಮೇತ ಕಾರ್ಡ್ ಆಯ್ಕೆಯಾಗಿದ್ದರೆ ಅದು ಅಂಗಡಿಯ ಖಾತೆಯಲ್ಲಿದೆ. ಖಾಲಿ ಜಾಗದ ಮೇಲೆ ಒತ್ತಿದ ನಂತರ ಪಟ್ಟಿಯೊಂದು ಇಳಿದು ಬಂದು, ಅದರ ಕೆಳಭಾಗದಲ್ಲಿ "Manage payment methods" ಎಂಬಂಥ ಸಾಲಿದ್ದರೆ ಅದು ಬ್ರೌಸರ್‌ನದು. ಅಂಥ ಸಾಲು, ಕಾರ್ಡಿನ ಚಿತ್ರ ಯಾವುದೂ ಇಲ್ಲದೆ ಹಿಂದೆ ಬರೆದ ಅಕ್ಷರಗಳಷ್ಟೇ ಬಂದರೆ ಅದು ಬ್ರೌಸರ್ ಪ್ರತಿ ಜಾಗಕ್ಕೂ ಬೇರೆಯಾಗಿ ಇಟ್ಟುಕೊಳ್ಳುವ ಹಳೆಯ ನಮೂದುಗಳ ಪಟ್ಟಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಆ ನಮೂದನ್ನು ಬಾಣದ ಕೀಲಿಯಿಂದ ಆರಿಸಿ `Shift+Delete` ಒತ್ತಿದರೆ ಅದೊಂದೇ ಅಳಿಯುತ್ತದೆ. ಇಮೇಲ್ ಬರೆದ ಮೇಲೆ ಒಟಿಪಿ ಕೇಳಿದರೆ ಅದು ತ್ವರಿತ ಪಾವತಿ ಸೇವೆ.

ಅಂಗಡಿಯ ಬಳಿ ನಿಜಕ್ಕೂ ಇರುವುದೇನು

ಕಾರ್ಡ್ ಉದ್ಯಮದ ಭದ್ರತಾ ನಿಯಮಾವಳಿಯಾದ ಪಿಸಿಐ ಡಿಎಸ್‌ಎಸ್ ಪ್ರಕಾರ, ಪಾವತಿಗೆ ಒಪ್ಪಿಗೆ ದೊರೆತ ಮೇಲೆ ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನು ಅಂಗಡಿ ಇಟ್ಟುಕೊಳ್ಳುವಂತಿಲ್ಲ. ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳಬಹುದಾದರೂ ಅದು ಓದಲಾಗದ ರೂಪದಲ್ಲಿರಬೇಕು. ಈ ಹೊಣೆ ಹೊರುವುದು ದುಬಾರಿಯಾದ್ದರಿಂದ ಬಹುಪಾಲು ಅಂಗಡಿಗಳು ಕಾರ್ಡ್ ಸಂಖ್ಯೆಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದೇ ಇಲ್ಲ. ಗ್ರಾಹಕರು ಬರೆದ ಸಂಖ್ಯೆ ನೇರವಾಗಿ ಪೇಮೆಂಟ್ ಗೇಟ್‌ವೇ ಕಂಪನಿಗೆ ಹೋಗುತ್ತದೆ, ಅಲ್ಲಿಂದ ಅಂಗಡಿಗೆ ಮರಳಿ ಬರುವುದು ಟೋಕನ್ ಎಂಬ ಬದಲಿ ಸಂಖ್ಯೆ. ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಕಾರ್ಡ್ ಜಾಲಗಳೇ ಇಂಥ ಟೋಕನ್ ನೀಡುವ ಏರ್ಪಾಡು 2014ರಿಂದ ಬಳಕೆಯಲ್ಲಿದೆ. ಟೋಕನ್ ಆ ಒಂದು ಅಂಗಡಿಗೆ ಮಾತ್ರ ಕಟ್ಟುಬಿದ್ದಿದ್ದರೆ, ಅದನ್ನು ಕದ್ದವರು ಬೇರೆಡೆ ಬಳಸಲಾಗುವುದಿಲ್ಲ.

ಸೋರಿಕೆಯ ಪ್ರಕಟಣೆಯಲ್ಲಿ ಪೂರ್ಣ ಸಂಖ್ಯೆ ಸಿಕ್ಕಿಲ್ಲ ಎಂಬ ಮಾತು ಸಾಮಾನ್ಯವಾಗಿ ನಿಜವಿರುವುದು ಇದರಿಂದಲೇ. ಆದರೆ ಗ್ರಾಹಕರಿಗೆ ತೋರಿಸಲು, ಲೆಕ್ಕ ತಾಳೆ ನೋಡಲು ಅಂಗಡಿಗೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ಬೇಕು, ಸರಕು ಕಳುಹಿಸಲು ವಿಳಾಸ ಬೇಕು. ವಿಳಾಸಕ್ಕೆ ಟೋಕನ್ ಎಂಬುದಿಲ್ಲ. ಅದನ್ನು ಸಾಗಣೆದಾರ ಓದಲೇಬೇಕಾದ್ದರಿಂದ ಅದು ಓದಬಲ್ಲ ರೂಪದಲ್ಲೇ ವ್ಯವಸ್ಥೆಯಿಂದ ವ್ಯವಸ್ಥೆಗೆ ದಾಟುತ್ತಾ ಹೋಗುತ್ತದೆ.

ಗ್ರಾಹಕರು ಖಾತೆಯಲ್ಲಿ ಕಾರ್ಡನ್ನು ಅಳಿಸಿದಾಗ ಹೋಗುವುದು ಆ ಟೋಕನ್‌ಗೂ ಖಾತೆಗೂ ಇರುವ ಕೊಂಡಿ. ಹಿಂದಿನ ಖರೀದಿಗಳ ದಾಖಲೆ ಹಾಗೆಯೇ ಇರುತ್ತದೆ. ಇದರಿಂದ ಒಂದು ಅನುಕೂಲವೂ ಇದೆ: ಕಾರ್ಡ್ ಅಳಿಸಿದ ಮೇಲೆ ಸರಕು ಹಿಂದಿರುಗಿಸಿದರೆ ಹಣ ಬಾರದೇನೋ ಎಂಬ ಭಯಕ್ಕೆ ಸಾಮಾನ್ಯವಾಗಿ ಕಾರಣವಿಲ್ಲ. ಮರುಪಾವತಿ ನಡೆಯುವುದು ಮೂಲ ವಹಿವಾಟಿನ ಗುರುತಿನ ಮೇಲೆ, ಖಾತೆಯಲ್ಲಿ ಉಳಿಸಿಟ್ಟ ಕಾರ್ಡಿನ ಮೇಲಲ್ಲ.

ಅಳಿಸಿದ ಮೇಲೂ ಹಣ ಕಡಿತವಾಗುವುದು ಏಕೆ

ಕಾರ್ಡನ್ನು ಅಂಗಡಿಯಲ್ಲಿ ಉಳಿಸುವುದು ಎರಡು ಬೇರೆ ಉದ್ದೇಶಗಳಿಗೆ. ಮುಂದಿನ ಸಲ ಗ್ರಾಹಕರೇ ಬಂದು ಕೊಂಡಾಗ ಸಂಖ್ಯೆ ಬರೆಯುವ ಶ್ರಮ ತಪ್ಪಲಿ ಎಂಬುದು ಒಂದು. ಗ್ರಾಹಕರು ಎದುರಿಗಿಲ್ಲದಾಗಲೂ ಅಂಗಡಿಯೇ ಹಣ ಪಡೆಯಲಿ ಎಂಬ ಒಪ್ಪಂದ ಇನ್ನೊಂದು, ಚಂದಾ ನವೀಕರಣಗಳೆಲ್ಲ ಈ ಬಗೆಯವು. ಕಾರ್ಡ್ ಜಾಲಗಳು ಇವೆರಡನ್ನೂ ಪ್ರತ್ಯೇಕ ಬಗೆಯ ವಹಿವಾಟೆಂದು ಗುರುತಿಸುತ್ತವೆ. ಖಾತೆಯ ಪುಟದಲ್ಲಿ ಕಾರ್ಡಿನ ಚಿತ್ರವನ್ನು ಅಳಿಸಿದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲಲೇಬೇಕೆಂದಿಲ್ಲ. ಚೆನ್ನಾಗಿ ಕಟ್ಟಿದ ತಾಣಗಳು ಚಂದಾಕ್ಕೆ ತಗುಲಿಕೊಂಡ ಕಾರ್ಡನ್ನು ಅಳಿಸಲು ಹೋದಾಗ ತಡೆದು ಎಚ್ಚರಿಸುತ್ತವೆ, ಎಲ್ಲ ತಾಣಗಳೂ ಹಾಗಿರುವುದಿಲ್ಲ.

ಹಾಗಾದರೆ ಬ್ಯಾಂಕಿಗೆ ಹೇಳಿ ಕಾರ್ಡನ್ನೇ ಬದಲಿಸಿಕೊಂಡರೆ ಆಯಿತಲ್ಲ ಎಂದು ಯೋಚಿಸುವವರಿದ್ದಾರೆ. ಅದೂ ಯಾವಾಗಲೂ ಫಲಿಸುವುದಿಲ್ಲ. ವೀಸಾ ಅಕೌಂಟ್ ಅಪ್‌ಡೇಟರ್, ಮಾಸ್ಟರ್‌ಕಾರ್ಡ್ ಆಟೊಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್ ಎಂಬ ಸೇವೆಗಳಿವೆ. ಬ್ಯಾಂಕ್ ಅವುಗಳಲ್ಲಿ ಪಾಲ್ಗೊಂಡಿದ್ದರೆ, ಹೊಸ ಕಾರ್ಡಿನ ಸಂಖ್ಯೆ ಮತ್ತು ಅವಧಿ ಹಳೆಯದನ್ನು ಉಳಿಸಿಕೊಂಡಿದ್ದ ವ್ಯಾಪಾರಿಗೆ ತಾನಾಗಿ ತಲುಪುತ್ತದೆ. ಕಾರ್ಡಿನ ಅವಧಿ ಮುಗಿದ ಕಾರಣಕ್ಕೆ ವಿಮೆಯೋ ವಿದ್ಯುತ್ ಬಿಲ್ಲೋ ತಪ್ಪಿಹೋಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಬಂದ ಸೇವೆ ಇದು, ಆದರೆ ಮರೆತುಹೋದ ಚಂದಾಗಳನ್ನೂ ಅದು ಅಷ್ಟೇ ನಿಷ್ಠೆಯಿಂದ ಜೀವಂತವಾಗಿಡುತ್ತದೆ. ನಿಲ್ಲಿಸಬೇಕಿರುವುದು ಕಾರ್ಡನ್ನಲ್ಲ, ಚಂದಾ ಒಪ್ಪಂದವನ್ನು. ಒಪ್ಪಂದ ಮೊದಲು, ಕಾರ್ಡ್ ಆಮೇಲೆ ಎಂಬ ಕ್ರಮ ಇಲ್ಲಿ ಮುಖ್ಯ.

ನಾಲ್ಕು ಅಂಕಿ ಮತ್ತು ಒಂದು ವಿಳಾಸದ ಬೆಲೆ

ಸೋರಿಕೆಯಾದದ್ದು ಕೊನೆಯ ನಾಲ್ಕು ಅಂಕಿ ಮತ್ತು ವಿಳಾಸ ಮಾತ್ರ ಎಂಬ ಸಮಾಧಾನ ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು 2012ರ ಆಗಸ್ಟಿನಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಕರ್ತ ಮ್ಯಾಟ್ ಹೊನನ್ ಅವರಿಗಾದದ್ದನ್ನು ನೋಡಬೇಕು. ಈ ಪ್ರಕರಣದ ಪ್ರತಿ ಹೆಜ್ಜೆಯನ್ನೂ ಅವರೇ ವೈರ್ಡ್ ಪತ್ರಿಕೆಯಲ್ಲಿ ಬರೆದಿದ್ದರಿಂದ ಅದು ಇಂದಿಗೂ ಪಾಠದಂತೆ ಉಳಿದಿದೆ.

ದಾಳಿಕೋರರಿಗೆ ಬೇಕಿದ್ದದ್ದು ಅವರ ಟ್ವಿಟರ್ ಖಾತೆ. ಅದಕ್ಕೆ ದಾರಿ ಜಿಮೇಲ್, ಜಿಮೇಲಿಗೆ ದಾರಿ ಆಪಲ್ ಖಾತೆ. ಆಪಲ್ ಸಂಸ್ಥೆಯ ಗ್ರಾಹಕ ಸಹಾಯವಾಣಿ ಆಗ ಬಿಲ್ಲಿಂಗ್ ವಿಳಾಸ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಹೇಳಿದವರಿಗೆ ತಾತ್ಕಾಲಿಕ ಪಾಸ್‌ವರ್ಡ್ ಕೊಡುತ್ತಿತ್ತು. ವಿಳಾಸ ಅವರ ಸ್ವಂತ ಜಾಲತಾಣದ ನೋಂದಣಿ ದಾಖಲೆಯಲ್ಲೇ ಸಿಕ್ಕಿತು. ನಾಲ್ಕು ಅಂಕಿಗಳಿಗಾಗಿ ದಾಳಿಕೋರರು ಅಮೆಜಾನ್‌ಗೆ ಎರಡು ಸಲ ಕರೆ ಮಾಡಿದರು. ಮೊದಲ ಕರೆಯಲ್ಲಿ ಹೆಸರು, ಇಮೇಲ್, ವಿಳಾಸ ಹೇಳಿ ಖಾತೆಗೆ ಹೊಸದೊಂದು ಕಾರ್ಡ್ ಸೇರಿಸಿದರು. ಎರಡನೆಯ ಕರೆಯಲ್ಲಿ, ಖಾತೆಗೆ ಹೋಗಲಾಗುತ್ತಿಲ್ಲ ಎಂದು ದೂರಿ, ತಾವೇ ಸೇರಿಸಿದ ಆ ಕಾರ್ಡಿನ ಸಂಖ್ಯೆಯನ್ನು ಗುರುತಾಗಿ ಕೊಟ್ಟು, ಹೊಸ ಇಮೇಲ್ ವಿಳಾಸವನ್ನು ಜೋಡಿಸಿಕೊಂಡರು. ಆ ಇಮೇಲಿಗೆ ಪಾಸ್‌ವರ್ಡ್ ಬದಲಿಸುವ ಕೊಂಡಿ ಬಂತು, ಖಾತೆ ತೆರೆಯಿತು, ಅಲ್ಲಿ ಉಳಿಸಿಟ್ಟಿದ್ದ ಕಾರ್ಡುಗಳ ಕೊನೆಯ ನಾಲ್ಕು ಅಂಕಿಗಳು ಕಾಣಿಸಿದವು. ಮುಂದಿನದು ಬೇಗ ಮುಗಿಯಿತು: ಹೊನನ್ ಅವರ ಐಫೋನ್, ಐಪ್ಯಾಡ್, ಮ್ಯಾಕ್‌ಬುಕ್ ಮೂರನ್ನೂ ದೂರದಿಂದಲೇ ಅಳಿಸಿಹಾಕಲಾಯಿತು.

ಇಡೀ ಪ್ರಕರಣದಲ್ಲಿ ಅವರ ಪೂರ್ಣ ಕಾರ್ಡ್ ಸಂಖ್ಯೆ ಯಾರ ಕೈಗೂ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಕಂಪನಿಗಳು ಆನಂತರ ತಮ್ಮ ಕ್ರಮವನ್ನು ಬದಲಿಸಿದವು, ಅದೇ ದಾರಿ ಇಂದು ತೆರೆದಿಲ್ಲ. ಆದರೆ ಒಂದು ಸಂಸ್ಥೆ ಗುಟ್ಟಲ್ಲವೆಂದು ಪರದೆಯ ಮೇಲೆ ತೋರಿಸುವುದನ್ನು ಇನ್ನೊಂದು ಸಂಸ್ಥೆ ಗುರುತಿನ ಪುರಾವೆಯೆಂದು ಒಪ್ಪಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವ ವಂಚಕರು ಮೊದಲು ಕೊನೆಯ ನಾಲ್ಕು ಅಂಕಿಗಳನ್ನೂ ಮನೆಯ ವಿಳಾಸವನ್ನೂ ಸರಿಯಾಗಿ ಹೇಳಿ ನಂಬಿಕೆ ಗಳಿಸಿ, ಆಮೇಲೆ ಒಟಿಪಿ ಕೇಳುವುದು ಇದರ ಇನ್ನೊಂದು ರೂಪ. ಕಾರ್ಡ್ ಕಳೆದರೆ ಬ್ಯಾಂಕ್ ಹೊಸ ಸಂಖ್ಯೆ ಕೊಡುತ್ತದೆ, ವಿಳಾಸಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಹೆಚ್ಚಿನ ಸಲಹೆಗಳು ಕಾರ್ಡಿಗೆ ಕೊಡುವ ಗಮನವನ್ನು ವಿಳಾಸಕ್ಕೆ ಕೊಡದಿರುವುದು ತಲೆಕೆಳಗಾದ ಆದ್ಯತೆ ಎಂದೇ ಹೇಳಬೇಕಾಗುತ್ತದೆ. ಉಡುಗೊರೆ ಕಳುಹಿಸಲೆಂದು ಬರೆದ ಸ್ನೇಹಿತರ, ಬಂಧುಗಳ ವಿಳಾಸಗಳೂ ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಇರುತ್ತವೆ ಎಂಬುದು ಬೇರೆ ಮಾತು. ಅವರನ್ನು ಯಾರೂ ಕೇಳಿರುವುದಿಲ್ಲ.

ಬ್ರೌಸರ್ ಒಳಗಿನ ಸಂಗತಿ

ಬ್ರೌಸರ್ ಒಂದು ಜಾಗದಲ್ಲಿ ಏನನ್ನು ತುಂಬಬೇಕೆಂದು ತಿಳಿಯುವುದು ಪುಟದಲ್ಲಿ ಬರೆದಿರುವ ಗುರುತಿನಿಂದ, ಅದಿಲ್ಲದಿದ್ದರೆ ಆ ಜಾಗದ ಹೆಸರನ್ನು ನೋಡಿ ಊಹೆಯಿಂದ.

```
<input autocomplete="name">
<input autocomplete="street-address">
<input autocomplete="cc-number">
```

ಇಲ್ಲಿ ತೊಡಕೊಂದಿದೆ. ಪುಟ ಕೇಳುತ್ತಿರುವುದೆಲ್ಲವೂ ಕಣ್ಣಿಗೆ ಕಾಣಲೇಬೇಕೆಂದಿಲ್ಲ. 2017ರಲ್ಲಿ ಫಿನ್‌ಲೆಂಡಿನ ಡೆವಲಪರ್ ಒಬ್ಬರು ಇದನ್ನು ತೋರಿಸಿಕೊಟ್ಟರು. ಅವರ ಮಾದರಿ ಪುಟದಲ್ಲಿ ಕಾಣುತ್ತಿದ್ದದ್ದು ಹೆಸರು ಮತ್ತು ಇಮೇಲಿನ ಜಾಗ ಮಾತ್ರ. ಆದರೆ ಪರದೆಯ ಆಚೆಗೆ ಸರಿಸಿಟ್ಟಿದ್ದ ವಿಳಾಸ, ಫೋನ್ ಮುಂತಾದ ಜಾಗಗಳನ್ನೂ ಆಟೋಫಿಲ್ ಒಂದೇ ಏಟಿಗೆ ತುಂಬಿಬಿಟ್ಟಿತು. ಕಾರ್ಡಿನ ವಿಷಯದಲ್ಲಿ ಬ್ರೌಸರ್‌ಗಳು ತುಂಬುವ ಮುನ್ನ ಪ್ರತ್ಯೇಕ ಆಯ್ಕೆಯನ್ನೋ ದೃಢೀಕರಣವನ್ನೋ ಕೇಳುವುದರಿಂದ ಅಪಾಯ ಕಡಿಮೆ. ವಿಳಾಸ ಮಾತ್ರ ಇಲ್ಲಿಯೂ ಹೆಚ್ಚು ಸುಲಭವಾಗಿ ಹೊರಹೋಗುವ ವಸ್ತು.

ಇನ್ನೊಂದು ಅಪಾಯ ಬ್ರೌಸರ್‌ನ ಹೊರಗಿನಿಂದ ಬರುತ್ತದೆ. ಕ್ರೋಮ್ ಈ ವಿವರಗಳನ್ನು ಕಂಪ್ಯೂಟರಿನಲ್ಲಿ `Web Data` ಎಂಬ ಕಡತದಲ್ಲಿ ಇಡುತ್ತದೆ. ಅದರಲ್ಲಿ ಕಾರ್ಡ್ ಸಂಖ್ಯೆಗೆ ಗೂಢಲಿಪಿ ಇದೆ. ಆದರೆ ಅದರ ಕೀಲಿ ಕಂಪ್ಯೂಟರಿಗೆ ಲಾಗಿನ್ ಆದ ಬಳಕೆದಾರರಿಗೆ ಜೋಡಿಸಿದ್ದು. ಅದೇ ಬಳಕೆದಾರರ ಹೆಸರಿನಲ್ಲಿ ಓಡುವ ಕಳ್ಳ ತಂತ್ರಾಂಶಕ್ಕೂ ಅದು ಎಟುಕಬಹುದು. ರೆಡ್‌ಲೈನ್ ಎಂಬ ಕುಖ್ಯಾತ ತಂತ್ರಾಂಶ ಕದಿಯುತ್ತಿದ್ದ ವಸ್ತುಗಳಲ್ಲಿ ಪಾಸ್‌ವರ್ಡುಗಳ ಜೊತೆ ಆಟೋಫಿಲ್ ಮಾಹಿತಿ ಮತ್ತು ಉಳಿಸಿಟ್ಟ ಕಾರ್ಡುಗಳೂ ಇದ್ದವು. ಅಂದರೆ ಕಂಪ್ಯೂಟರಿನಲ್ಲೇ ಉಳಿಸಿದ ಕಾರ್ಡಿನ ಭದ್ರತೆ ಆ ಕಂಪ್ಯೂಟರಿನ ಭದ್ರತೆಯಷ್ಟೇ.

ಉಳಿಸಿಡಬೇಕೋ, ಪ್ರತಿ ಸಲ ಬರೆಯಬೇಕೋ

ಇಲ್ಲಿ ಎರಡು ವಾದಗಳಿವೆ, ಎರಡರಲ್ಲೂ ಹುರುಳಿದೆ. ಖಾಸಗಿತನದ ಪರವಾಗಿ ಮಾತನಾಡುವವರು, ಇಲ್ಲದ್ದು ಸೋರಿಕೆಯಾಗುವುದಿಲ್ಲ, ಆದ್ದರಿಂದ ಯಾವ ತಾಣದಲ್ಲೂ ಏನನ್ನೂ ಉಳಿಸಬೇಡಿ ಎನ್ನುತ್ತಾರೆ. ಪಾವತಿ ಉದ್ಯಮದವರು, ಟೋಕನ್ ಆಗಿ ಉಳಿದ ಕಾರ್ಡ್ ಪ್ರತಿ ಸಲ ಬರೆದ ಕಾರ್ಡಿಗಿಂತ ಸುರಕ್ಷಿತ ಎನ್ನುತ್ತಾರೆ. ಎರಡನೆಯ ವಾದವನ್ನು ವ್ಯಾಪಾರದ ಮಾತೆಂದು ತಳ್ಳಿಹಾಕಲು ಮನಸ್ಸಾಗುತ್ತದೆ, ಆದರೆ 2018ರ ಬ್ರಿಟಿಷ್ ಏರ್‌ವೇಸ್ ಪ್ರಕರಣ ಅದಕ್ಕೆ ಬಲ ಕೊಡುತ್ತದೆ. ಅಲ್ಲಿ ದಾಳಿಕೋರರು ಪಾವತಿ ಪುಟಕ್ಕೆ ಚಿಕ್ಕದೊಂದು ಸ್ಕ್ರಿಪ್ಟ್ ಸೇರಿಸಿ, ಪ್ರಯಾಣಿಕರು ಬರೆದದ್ದರ ಪ್ರತಿ ತಮಗೂ ಬರುವಂತೆ ಮಾಡಿಕೊಂಡಿದ್ದರು. ಆ ಸ್ಕ್ರಿಪ್ಟ್ ಕದ್ದದ್ದು ಉಳಿಸಿಟ್ಟ ಕಾರ್ಡುಗಳನ್ನಲ್ಲ, ಆ ಕ್ಷಣ ಬೆರಳಚ್ಚಿಸಿದವನ್ನು, ಅದೂ ಉಳಿಸಲು ಅಂಗಡಿಗಳಿಗೆ ಅನುಮತಿ ಇಲ್ಲದ ಸಿವಿವಿ ಸಮೇತ. ಪ್ರಕರಣದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸಿಲುಕಿತ್ತು, ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಎರಡು ಕೋಟಿ ಪೌಂಡ್ ದಂಡ ವಿಧಿಸಿತು. ಇಂಥ ದಾಳಿಯೆದುರು ಕಾರ್ಡ್ ಅಳಿಸುವುದರಿಂದ ಪ್ರಯೋಜನವಿಲ್ಲ. ಅಳಿಸಿದ ಕಾರಣಕ್ಕೇ ಮತ್ತೆ ಮತ್ತೆ ಬರೆಯಬೇಕಾಗಿ ಬಂದರೆ ಅಪಾಯ ಹೆಚ್ಚಿದಂತೆಯೇ.

ಹಾಗೆಂದು ಉದ್ಯಮದ ವಾದ ಎಲ್ಲ ಕಡೆಗೂ ಸಲ್ಲುವುದಿಲ್ಲ. ವಾರಕ್ಕೊಮ್ಮೆ ಬಳಸುವ, ಎರಡು ಹಂತದ ಲಾಗಿನ್ ಇರುವ ತಾಣದಲ್ಲಿ ಟೋಕನ್ ಆಗಿ ಉಳಿದ ಕಾರ್ಡಿನ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಎಂಟು ವರ್ಷದ ಹಿಂದೆ ಒಮ್ಮೆ ಮಾತ್ರ ಕೊಂಡ, ಎಲ್ಲೆಡೆಯೂ ಬಳಸುವ ಅದೇ ಪಾಸ್‌ವರ್ಡ್ ಇರುವ ಚಿಕ್ಕ ತಾಣದಲ್ಲಿ ಉಳಿದ ಕಾರ್ಡ್ ಬೇರೆಯೇ ವಿಷಯ. ಅಲ್ಲಿ ಕಳ್ಳನಿಗೆ ಕಾರ್ಡ್ ಸಂಖ್ಯೆ ಬೇಕಾಗುವುದೇ ಇಲ್ಲ. ಬೇರೆಡೆ ಸೋರಿಕೆಯಾದ ಪಾಸ್‌ವರ್ಡಿನಿಂದ ಖಾತೆಗೆ ನುಗ್ಗಿ, ಉಳಿಸಿಟ್ಟ ಕಾರ್ಡಿನಿಂದ ತನ್ನ ವಿಳಾಸಕ್ಕೆ ಸರಕು ತರಿಸಿಕೊಂಡರೆ ಆಯಿತು. ಟೋಕನ್ ಈ ಕಳ್ಳತನವನ್ನು ತಡೆಯುವುದಿಲ್ಲ, ಏಕೆಂದರೆ ಅದು ಬಳಕೆಯಾಗುತ್ತಿರುವುದು ಸರಿಯಾದ ಅಂಗಡಿಯಲ್ಲೇ.

ಕಾನೂನು ಎಷ್ಟು ದೂರ ಬರುತ್ತದೆ

ನಿಯಮ ರೂಪಿಸುವವರು ಎರಡು ಬೇರೆ ದಾರಿ ಹಿಡಿದಿದ್ದಾರೆ. ಯುರೋಪಿನ ದತ್ತಾಂಶ ಸಂರಕ್ಷಣಾ ಮಂಡಳಿ 2021ರ ಮೇ ತಿಂಗಳಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ಮುಂದಿನ ಖರೀದಿ ಸುಲಭವಾಗಲಿ ಎಂಬ ಒಂದೇ ಕಾರಣಕ್ಕೆ ಕಾರ್ಡ್ ಉಳಿಸಿಕೊಳ್ಳಲು ಗ್ರಾಹಕರ ಸ್ಪಷ್ಟ ಸಮ್ಮತಿ ಬೇಕು. ಭಾರತೀಯ ರಿಸರ್ವ್ ಬ್ಯಾಂಕ್ ಆಯ್ಕೆಯನ್ನು ಗ್ರಾಹಕರಿಗಷ್ಟೇ ಬಿಡದೆ, 2022ರ ಅಕ್ಟೋಬರ್ 1ರಿಂದ ಕಾರ್ಡ್ ನೀಡಿದವರು ಮತ್ತು ಕಾರ್ಡ್ ಜಾಲಗಳನ್ನು ಹೊರತುಪಡಿಸಿ ಬೇರೆಯವರು ಕಾರ್ಡ್ ವಿವರ ಉಳಿಸಿಕೊಳ್ಳುವಂತಿಲ್ಲ ಎಂಬ ನಿಯಮವನ್ನು ಜಾರಿಗೆ ತಂದಿತು. ಗಮನಿಸಬೇಕಾದ ಅಂಶವೆಂದರೆ, ಈ ಕಟ್ಟುನಿಟ್ಟಿನ ನಿಯಮದಲ್ಲೂ ವ್ಯವಹಾರದ ಗುರುತಿಗೆಂದು ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ನೀಡಿದ ಸಂಸ್ಥೆಯ ಹೆಸರನ್ನು ಇಟ್ಟುಕೊಳ್ಳಲು ಅವಕಾಶವಿದೆ.

ವಿಳಾಸದ ವಿಷಯದಲ್ಲಿ ಕಾನೂನಿನ ಹಿಡಿತ ಇನ್ನೂ ಸಡಿಲ. ಯುರೋಪಿನ ಜಿಡಿಪಿಆರ್ ಕಾಯ್ದೆಯ 17ನೇ ವಿಧಿ ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ, ಆದರೆ ಬೇರೊಂದು ಕಾನೂನು ಇಟ್ಟುಕೊಳ್ಳಲೇಬೇಕೆಂದು ಹೇಳಿದ ದಾಖಲೆಗೆ ಅದು ಅನ್ವಯಿಸುವುದಿಲ್ಲ. ತೆರಿಗೆ ಲೆಕ್ಕಕ್ಕೆ ಬೇಕಾದ ಬಿಲ್ಲು ಅಂಥದ್ದು. ಆರ್ಡರ್ ಮಾಡಿದ ಕ್ಷಣದಲ್ಲಿ ವಿಳಾಸದ ಒಂದು ಪ್ರತಿ ಆ ಆರ್ಡರಿನೊಳಗೆ ಸೇರಿಕೊಳ್ಳುತ್ತದೆ. ಅದು ಹಾಗೆ ಇರಲೂಬೇಕು, ಇಲ್ಲದಿದ್ದರೆ ಗ್ರಾಹಕರು ಮನೆ ಬದಲಿಸಿ ವಿಳಾಸ ತಿದ್ದಿದಾಗ ಹಳೆಯ ಬಿಲ್ಲುಗಳೆಲ್ಲ ಸುಳ್ಳಾಗುತ್ತಿದ್ದವು. ಹಾಗಾಗಿ ವಿಳಾಸ ಪುಸ್ತಕದಿಂದ ಅಳಿಸಿದರೂ ಹಳೆಯ ಆರ್ಡರುಗಳಲ್ಲಿ ವಿಳಾಸ ಕಾಣುತ್ತಲೇ ಇರುತ್ತದೆ. ಮಾರಾಟಗಾರರಿಗೂ ಸಾಗಣೆ ಕಂಪನಿಗೂ ಹೋದ ಪ್ರತಿಗಳು ಅವರವರ ಬಳಿ ಇರುತ್ತವೆ.

ಒಂದು ಖಾತೆಯನ್ನು ಹಂತ ಹಂತವಾಗಿ ತೆರವುಗೊಳಿಸಿದಾಗ

ಒಬ್ಬ ಗ್ರಾಹಕರು ಮನೆ ಬದಲಿಸುತ್ತಿದ್ದಾರೆ ಎಂದುಕೊಳ್ಳೋಣ. ಅಂಗಡಿಯೊಂದರಲ್ಲಿ ಅವರ ಒಂದು ಕಾರ್ಡ್, ಮೂರು ವಿಳಾಸ, ಒಂದು ವಾರ್ಷಿಕ ಚಂದಾ ಇವೆ. ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಕ್ರೋಮ್ ಇದೆ, ಡ್ರಾಯರಿನಲ್ಲಿ ಹಳೆಯ ಫೋನೊಂದಿದೆ. ಹಿಂದಿನ ವಾರ ಮಾಡಿದ ಒಂದು ಆರ್ಡರ್ ಇನ್ನೂ ಬಂದಿಲ್ಲ.

ಮೊದಲ ಕೆಲಸ ಅಂಗಡಿಯಲ್ಲಲ್ಲ, ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿ. ಕಳೆದ 13 ತಿಂಗಳ ಪಟ್ಟಿಯನ್ನು ನೋಡಬೇಕು, ಏಕೆಂದರೆ 12 ತಿಂಗಳಷ್ಟೇ ನೋಡಿದರೆ ಅಂಚಿನಲ್ಲಿರುವ ವಾರ್ಷಿಕ ಚಂದಾ ತಪ್ಪಿಹೋಗಬಹುದು. ಅಲ್ಲಿ ಕಂಡ ಚಂದಾವನ್ನು ರದ್ದು ಮಾಡಿ, ರದ್ದಾಯಿತೆಂಬ ಇಮೇಲ್ ಬರುವವರೆಗೆ ಕಾಯಬೇಕು. ಈ ಹಂತಕ್ಕೆ ಮುನ್ನ ಖಾತೆಯನ್ನೇ ಮುಚ್ಚಿಬಿಡುವುದು ಸಾಮಾನ್ಯ ತಪ್ಪು. ಮುಚ್ಚಿದ ಖಾತೆಗೆ ಲಾಗಿನ್ ಆಗಿ ಚಂದಾ ನಿಲ್ಲಿಸಲು ಆಗುವುದಿಲ್ಲ.

ಕಾರ್ಡ್ ಅಳಿಸಲು ಹೋದಾಗ ತಾಣ ಈಗ ಸಾಧ್ಯವಿಲ್ಲ ಎನ್ನಬಹುದು. ಹಲವು ಅಂಗಡಿಗಳು ಆರ್ಡರ್ ಮಾಡಿದಾಗ ಹಣವನ್ನು ಕಾಯ್ದಿರಿಸಿ, ಸರಕು ಹೊರಟಾಗ ನಿಜವಾಗಿ ಪಡೆಯುತ್ತವೆ, ಅಲ್ಲಿಯವರೆಗೆ ಕಾರ್ಡಿನ ಕೊಂಡಿ ಅವುಗಳಿಗೆ ಬೇಕು. ಇದು ದೋಷವಲ್ಲ, ಸರಕು ಕೈಸೇರಿದ ಮೇಲೆ ಮತ್ತೆ ಪ್ರಯತ್ನಿಸಿದರೆ ಆಗುತ್ತದೆ. ವಿಳಾಸಗಳಲ್ಲಿ ಬಾಕಿ ಆರ್ಡರಿಗೆ ಸಂಬಂಧವಿಲ್ಲದ ಎರಡನ್ನು ಈಗಲೇ ಅಳಿಸಬಹುದು. ಮೂರನೆಯದನ್ನು ಸರಕು ಹಿಂದಿರುಗಿಸುವ ಗಡುವು ಮುಗಿದ ಮೇಲೆ ತೆಗೆಯುವುದು ಮೇಲು, ಇಲ್ಲದಿದ್ದರೆ ಹಿಂದೊಯ್ಯಲು ಬರುವವರಿಗೆ ಅದನ್ನೇ ಮತ್ತೆ ಬರೆದುಕೊಡಬೇಕಾಗುತ್ತದೆ.

ಇನ್ನು ಬ್ರೌಸರ್. ಕ್ರೋಮ್‌ನಲ್ಲಿ `chrome://settings/payments` ಮತ್ತು `chrome://settings/addresses` ಎಂಬ ಎರಡು ಪುಟಗಳಿವೆ. ಮೊದಲು ಅಲ್ಲಿರುವ ಉಳಿಸುವ ಮತ್ತು ತುಂಬುವ ಸ್ವಿಚ್ಚನ್ನು ಆಫ್ ಮಾಡಬೇಕು, ಆಮೇಲೆ ನಮೂದುಗಳನ್ನು ಅಳಿಸಬೇಕು. ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಹಳೆಯ ನಮೂದು ಹೋಗುವುದಿಲ್ಲ. ನಮೂದನ್ನು ಅಳಿಸಿ ಸ್ವಿಚ್ ಹಾಗೆಯೇ ಬಿಟ್ಟರೆ ಮುಂದಿನ ಖರೀದಿಯಲ್ಲಿ ಬ್ರೌಸರ್ ಮತ್ತೆ ಉಳಿಸಲೇ ಎಂದು ಕೇಳುತ್ತದೆ, ಅವಸರದಲ್ಲಿ ಹೂಂ ಎಂದುಬಿಡುವುದು ಸಹಜ. ಪಟ್ಟಿಯಲ್ಲಿರುವ ಕಾರ್ಡ್ ಗೂಗಲ್ ಖಾತೆಗೆ ಸೇರಿದ್ದಾದರೆ ಅದನ್ನು ಅಲ್ಲಿ ಅಳಿಸಲಾಗದು, `pay.google.com` ತಾಣಕ್ಕೆ ಹೋಗಿ ತೆಗೆಯಬೇಕು. ಬ್ರೌಸಿಂಗ್ ಮಾಹಿತಿಯನ್ನು ಒಟ್ಟಿಗೆ ತೊಳೆಯುವ ಪುಟದಲ್ಲಿ "Autofill form data" ಗುರುತು ಹಾಕಿದರೂ ಗೂಗಲ್ ಖಾತೆಯ ಕಾರ್ಡುಗಳು ಹೋಗುವುದಿಲ್ಲ. ಅಳಿಸಿದ ಕಾರ್ಡ್ ಮರುದಿನ ಎದ್ದುಬಂದಿತು ಎಂಬ ದೂರುಗಳಿಗೆ ಮುಖ್ಯ ಕಾರಣಗಳಲ್ಲಿ ಇದೊಂದು. ಫೈರ್‌ಫಾಕ್ಸ್ ಬಳಸುವವರು `about:preferences#privacy` ಪುಟದಿಂದ ಆರಂಭಿಸಬಹುದು. ಐಫೋನಿನಲ್ಲಿ ಸಫಾರಿಯ ಸೆಟ್ಟಿಂಗ್ಸ್ ಒಳಗೆ "AutoFill" ಎಂಬ ವಿಭಾಗವಿದೆ. ಸಫಾರಿ ವಿಳಾಸವನ್ನು ತೆಗೆದುಕೊಳ್ಳುವುದು ಸಂಪರ್ಕ ಪಟ್ಟಿಯಲ್ಲಿರುವ ಬಳಕೆದಾರರ ಸ್ವಂತ ಸಂಪರ್ಕ ವಿವರದಿಂದಾದ್ದರಿಂದ ತಿದ್ದಬೇಕಿರುವುದು ಅಲ್ಲಿ.

ಡ್ರಾಯರಿನ ಹಳೆಯ ಫೋನನ್ನು ಮರೆಯುವಂತಿಲ್ಲ. ಸಿಂಕ್ ನಿಂತುಹೋದ ಸಾಧನದಲ್ಲಿ ವಿಳಾಸಗಳ ಹಳೆಯ ಪ್ರತಿ ಹಾಗೆಯೇ ಇರುತ್ತದೆ. ಅದನ್ನು ತಿಂಗಳುಗಳ ನಂತರ ಯಾರೋ ಚಾರ್ಜ್ ಮಾಡಿ ಖಾತೆಗೆ ಮತ್ತೆ ಜೋಡಿಸಿದರೆ, ಆ ಪ್ರತಿ ಹೊಸ ಮಾಹಿತಿಯೆಂಬಂತೆ ಸರ್ವರ್‌ಗೆ ಸೇರಿ ಎಲ್ಲ ಸಾಧನಗಳಿಗೂ ಹರಡಬಹುದು. ಆದ್ದರಿಂದ ಅದನ್ನು ಮೊದಲು ತೆರೆದು ಅಲ್ಲಿಯೂ ಅಳಿಸಬೇಕು, ಅಥವಾ ಫೋನನ್ನೇ ಪೂರ್ತಿ ಮರುಹೊಂದಿಸಬೇಕು. ಅಂಗಡಿಯ ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಕಾರ್ಡೂ ಹೋಯಿತೆಂದು ತಿಳಿಯುವವರಿದ್ದಾರೆ. ಕಾರ್ಡ್ ಇರುವುದು ಖಾತೆಯಲ್ಲಿ, ಆ್ಯಪಿನಲ್ಲಲ್ಲ.

ಕೆಲಸ ಮುಗಿಯಿತೇ ಎಂದು ನೋಡಲು, ಅಂಗಡಿಯಿಂದ ಲಾಗ್ ಔಟ್ ಆಗಿ, ಯಾವುದಾದರೂ ವಸ್ತುವನ್ನು ಬುಟ್ಟಿಗೆ ಹಾಕಿ ಪಾವತಿ ಪುಟದವರೆಗೆ ಹೋಗಬೇಕು, ಪಾವತಿ ಮಾತ್ರ ಮಾಡಬಾರದು. ಹೆಸರು, ವಿಳಾಸ, ಕಾರ್ಡಿನ ಜಾಗಗಳ ಮೇಲೆ ಒಂದೊಂದಾಗಿ ಒತ್ತಿದಾಗ ಯಾವ ಪಟ್ಟಿಯೂ ಇಳಿದು ಬರದಿದ್ದರೆ ಬ್ರೌಸರ್ ಖಾಲಿಯಾಗಿದೆ. ಇಮೇಲ್ ಬರೆದಾಗ ಒಟಿಪಿ ಕೇಳಿದರೆ ತ್ವರಿತ ಪಾವತಿ ಸೇವೆಯೊಂದು ಉಳಿದಿದೆ, ಆ ಸೇವೆಯ ಸ್ವಂತ ತಾಣದಲ್ಲಿ ಲಾಗಿನ್ ಆಗಿಯೇ ಅದನ್ನು ತೆಗೆಯಬೇಕು. ನಂತರ ಲಾಗಿನ್ ಆಗಿ ಇದನ್ನೇ ಮತ್ತೊಮ್ಮೆ ಮಾಡಿದಾಗ ಹಳೆಯ ಕಾರ್ಡ್ ಕಾಣದಿದ್ದರೆ ಅಂಗಡಿಯ ಖಾತೆಯೂ ಖಾಲಿ. ಚಂದಾದ ಪರೀಕ್ಷೆಗೆ ಮಾತ್ರ ಪಾವತಿ ಪುಟ ಸಾಲದು, ಅದರ ನವೀಕರಣದ ದಿನಾಂಕ ದಾಟಿದ ಮೇಲೆ ಬ್ಯಾಂಕಿನ ಲೆಕ್ಕಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು.

ಇಷ್ಟಾದ ಮೇಲೂ ಹಳೆಯ ಆರ್ಡರುಗಳ ಪುಟದಲ್ಲಿ ಬಿಟ್ಟುಬಂದ ಮನೆಯ ವಿಳಾಸವೂ ಕಾರ್ಡಿನ ನಾಲ್ಕು ಅಂಕಿಗಳೂ ಇರುತ್ತವೆ. ಅವನ್ನು ಗ್ರಾಹಕರು ಗುಂಡಿ ಒತ್ತಿ ತೆಗೆಯಲಾಗದು. ಅಳಿಸುವಂತೆ ಅಂಗಡಿಗೆ ಬರೆದು ಕೇಳಬಹುದು, ಬಿಲ್ಲಿನ ಭಾಗವನ್ನು ಕಾನೂನಿನ ಗಡುವಿನವರೆಗೆ ಇಟ್ಟುಕೊಳ್ಳುತ್ತೇವೆ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಆ ಪುಟ ಇರುವವರೆಗೂ ಆ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಬೇಕಾಗುತ್ತದೆ, ಅದರಲ್ಲಿ ಕಾರ್ಡ್ ಇಲ್ಲದಿದ್ದರೂ.